ಗ್ರೊಮೆಟ್ ಹಾಕಿದ ಕಿವಿ ಸೋರಿದಾಗ

ಭಾನುವಾರ ಬೆಳಿಗ್ಗೆ ಐದು ವರ್ಷದ ಮಗಳನ್ನು ಎಬ್ಬಿಸಲು ಹೋದರೆ ದಿಂಬಿನ ಮೇಲೆ ಹಳದಿ ಕಲೆ. ಬಲಗಿವಿಯಿಂದ ಅಂಟಂಟು ಕೀವು ಇಳಿದು ಕೂದಲಿಗೆ ಮೆತ್ತಿಕೊಂಡಿತ್ತು. ನನ್ನ ಎದೆ ಧಸಕ್ ಎಂದಿತು. ಅವಳಿಗೆ ಮಾತ್ರ ನೋವೂ ಇಲ್ಲ, ಜ್ವರವೂ ಇಲ್ಲ. ತಿಂಡಿಗೆ ಏನು ಎಂದು ಕೇಳಿದಳು.

ಕೆಲವು ತಿಂಗಳ ಹಿಂದೆ ಅವಳ ಎರಡೂ ಕಿವಿಗೆ ಗ್ರೊಮೆಟ್ ಹಾಕಿಸಿದ್ದೆವು. ಕಿವಿಯ ತಮಟೆಯ ಹಿಂದೆ ಗೋಂದಿನಂಥ ದ್ರವ ಕಟ್ಟಿಕೊಂಡು ಕಿವಿ ಮಂದವಾಗಿತ್ತು. ತಮಟೆಗೆ ಸಣ್ಣ ತೂತು ಮಾಡಿ, ಅದರಲ್ಲಿ ಗ್ರೊಮೆಟ್ ಎಂಬ ಪುಟ್ಟ ನಳಿಗೆ ಕೂರಿಸುತ್ತಾರೆ. ಒಳಗೆ ಗಾಳಿಯಾಡುತ್ತದೆ, ದ್ರವ ನಿಲ್ಲುವುದಿಲ್ಲ. ಆಪರೇಷನ್ ಆದ ಮೊದಲ ಒಂದೆರಡು ದಿನ ಸ್ವಲ್ಪ ರಕ್ತ ಬೆರೆತ ನೀರು ಬರಬಹುದು ಎಂದು ಮೊದಲೇ ಹೇಳಿದ್ದರು. ಆದರೆ ಇದು ಅದಲ್ಲ.

"ನಿನ್ನೆ ತಲೆಗೆ ನೀರು ಹಾಕಿದ್ದಕ್ಕೇ ಹೀಗಾಗಿದೆ" ಎಂದರು ಅತ್ತೆ. ಬೆಳ್ಳುಳ್ಳಿ ಹಾಕಿ ಎಣ್ಣೆ ಬಿಸಿ ಮಾಡಲು ಹೊರಟರು. ಅವರ ಕಾಲದಲ್ಲಿ ಕಿವಿಗೆ ಅದೇ ಮದ್ದು. "ಬೇಡ ಅತ್ತೆ, ಈ ಕಿವಿಗೆ ಎಣ್ಣೆ ಹಾಕಿದರೆ ನಳಿಗೆಯಿಂದ ನೇರ ಒಳಗೇ ಹೋಗುತ್ತೆ" ಎಂದು ತಡೆದೆ. ಮನೆಯಲ್ಲಿದ್ದ ಹಳೆಯ ಗುಗ್ಗೆ ಕರಗಿಸುವ ಡ್ರಾಪ್ಸನ್ನೂ ಮುಟ್ಟಲಿಲ್ಲ. ನಳಿಗೆ ಇರುವಾಗ ಯಾವ ಹನಿ ಹಾಕಿದರೂ ತಮಟೆಯ ಆಚೆಗೆ ತಲುಪಬಹುದು. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಕೆಲವು ಡ್ರಾಪ್ಸ್ ಒಳಗಿವಿಗೆ ಹಾನಿ ಮಾಡಬಲ್ಲವು. ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕಿವಿ ಡ್ರಾಪ್ಸ್ ಕೊಡಿ ಎಂದು ಕೇಳಿ ತರುವ ಹಾಗಿಲ್ಲ.

ಇಎನ್‌ಟಿ ಡಾಕ್ಟರ್ ಮೊದಲು ಕೇಳಿದ್ದು ಸ್ನಾನದ ಬಗ್ಗೆ ಅಲ್ಲ. "ಈಚೆಗೆ ನೆಗಡಿ ಆಗಿತ್ತಾ ಅಮ್ಮ?" ಆಗಿತ್ತು, ವಾರದಿಂದ ಮೂಗು ಸುರಿಯುತ್ತಿತ್ತು. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಾಳ ಇದೆ. ನೆಗಡಿಯಾದಾಗ ಸೋಂಕು ಆ ದಾರಿಯಲ್ಲಿ ಹತ್ತುತ್ತದೆ. ನಳಿಗೆ ಇಲ್ಲದಿದ್ದರೆ ಕೀವು ಒಳಗೇ ತುಂಬಿ ತಮಟೆಯನ್ನು ಒತ್ತುತ್ತಿತ್ತು, ಮಗು ರಾತ್ರಿಯಿಡೀ ಕಿರುಚುತ್ತಿತ್ತು. ಈಗ ಹೊರಗೆ ಹರಿದು ಬಂದಿದೆ, ಅದಕ್ಕೇ ನೋವಿಲ್ಲ. ಕಿವಿ ಸೋರಿತು ಎಂದರೆ ಒಳಗೆ ಸೋಂಕಿದೆ, ನಳಿಗೆ ತೆರೆದೇ ಇದೆ ಎಂದರ್ಥ. ಆಪರೇಷನ್ ಹಾಳಾಯಿತು ಎಂದಲ್ಲ. ಇದನ್ನು ಕೇಳಿದ ಮೇಲೆ ಅತ್ತೆಗೂ ಸಮಾಧಾನವಾಯಿತು.

ಸಿಪ್ರೊಫ್ಲಾಕ್ಸಾಸಿನ್ ಇರುವ ಕಿವಿ ಡ್ರಾಪ್ಸ್ ಬರೆದರು. ಸಿರಪ್ ಯಾಕಿಲ್ಲ ಎಂದು ಕೇಳಿದೆ. ಜ್ವರ ಇಲ್ಲದೆ ಮಗು ಆರಾಮಾಗಿದ್ದರೆ ಕುಡಿಸುವ ಆಂಟಿಬಯಾಟಿಕ್‌ಗಿಂತ ಹನಿಯೇ ಚೆನ್ನಾಗಿ ಕೆಲಸ ಮಾಡುತ್ತದೆ, ಮದ್ದು ಸೋಂಕಿನ ಜಾಗಕ್ಕೇ ಹೋಗುತ್ತದಲ್ಲ ಎಂದರು.

ಹಾಕುವ ಕ್ರಮದಲ್ಲೇ ಇರುವುದು ಎಲ್ಲ. ಕೀವು ತುಂಬಿದ ಕಿವಿಗೆ ಹನಿ ಬಿಟ್ಟರೆ ಅದು ಮೇಲೇ ನಿಲ್ಲುತ್ತದೆ. ಮೊದಲು ಕಿವಿಯ ಬಾಯಲ್ಲಿ ಕಾಣುವ ಕೀವನ್ನು ಮೆತ್ತನೆ ಬಟ್ಟೆಯಿಂದ ಒರೆಸಬೇಕು, ಬಡ್ಸ್ ಒಳಗೆ ಹಾಕಬಾರದು. ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಬೇಕು. ತಣ್ಣನೆ ಹನಿ ಬಿದ್ದರೆ ಮಗುವಿಗೆ ತಲೆ ಸುತ್ತುತ್ತದೆ. ಮಗುವನ್ನು ಮಗ್ಗುಲಿಗೆ ಮಲಗಿಸಿ, ಹೇಳಿದಷ್ಟು ಹನಿ ಬಿಟ್ಟು, ಕಿವಿ ತೂತಿನ ಮುಂದೆ ಕೆನ್ನೆಯ ಕಡೆ ಇರುವ ಪುಟ್ಟ ಉಬ್ಬನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಬಿಡಬೇಕು. ಆ ಒತ್ತಡಕ್ಕೆ ಮದ್ದು ನಳಿಗೆ ದಾಟುತ್ತದೆ. ಮಗಳು ಒಮ್ಮೊಮ್ಮೆ "ಗಂಟಲಲ್ಲಿ ಕಹಿ" ಎನ್ನುತ್ತಿದ್ದಳು. ಮದ್ದು ಅದೇ ನಾಳದಲ್ಲಿ ಇಳಿದು ಗಂಟಲಿಗೆ ಬಂದಿದೆ ಎಂದು ಗೊತ್ತಾಗುತ್ತಿತ್ತು. ದಿನಕ್ಕೆ ಎರಡು ಸಲ, 7 ದಿನ ಹಾಕಲು ಹೇಳಿದ್ದರು. ಚೆನ್ನಾಗಿದೆ ಎಂದು ಹೆಚ್ಚು ದಿನ ಹಾಕುತ್ತಾ ಹೋದರೆ ಕಿವಿಯಲ್ಲಿ ಫಂಗಸ್ ಬೆಳೆಯಬಹುದು. ಒಂದು ವಾರವಾದರೂ ನಿಲ್ಲದಿದ್ದರೆ, ಜ್ವರ ಬಂದರೆ, ಕಿವಿಯ ಹಿಂದೆ ಊದಿ ಕೆಂಪಾದರೆ, ರಕ್ತ ಬಂದರೆ ತೋರಿಸಬೇಕು. ತಿಂಗಳುಗಳ ನಂತರ ರಕ್ತ ಕಂಡರೆ ನಳಿಗೆಯ ಸುತ್ತ ಸಣ್ಣ ಮಾಂಸ ಬೆಳೆದಿರಬಹುದಂತೆ.

ಸೋರುತ್ತಿದ್ದ ದಿನಗಳಲ್ಲಿ ಕಿವಿಯನ್ನು ಒಣಗಿಸಿಯೇ ಇಟ್ಟೆವು. ಸ್ನಾನಕ್ಕೆ ಮುಂಚೆ ವ್ಯಾಸಲಿನ್ ಸವರಿದ ಹತ್ತಿ ಉಂಡೆಯನ್ನು ಕಿವಿಯ ಬಾಯಿಗೆ ಇಡುತ್ತಿದ್ದೆ. ವಾಸಿಯಾದ ಮೇಲೆ ಅದೂ ಬೇಕಿಲ್ಲ ಎಂದರು ಡಾಕ್ಟರ್. ನಳಿಗೆಯ ತೂತು ಎಷ್ಟು ಸಣ್ಣದೆಂದರೆ ಬರೀ ನೀರು ಸುಲಭವಾಗಿ ದಾಟುವುದಿಲ್ಲ. ಸೋಪು ನೀರು ಬೇರೆ. ಅದು ತೆಳ್ಳಗೆ ಹರಡಿ ಸಣ್ಣ ತೂತಿನೊಳಕ್ಕೂ ನುಗ್ಗುತ್ತದೆ. ಹಾಗಾಗಿ ಶಾಂಪೂ, ಸೀಗೆಪುಡಿ ಹಾಕುವ ದಿನ ತಲೆಯನ್ನು ಹಿಂದಕ್ಕೆ ಬಾಗಿಸಿ ತೊಳೆಯುತ್ತೇನೆ. ಎಣ್ಣೆ ಸ್ನಾನವನ್ನೂ ಬಿಟ್ಟಿಲ್ಲ. ಅತ್ತೆ ನೆತ್ತಿಗೆ ತಟ್ಟುತ್ತಾರೆ, ಕಿವಿಗೆ ಮಾತ್ರ ಬಿಡುವುದಿಲ್ಲ.

ಬೇಸಿಗೆಯಲ್ಲಿ ಈಜಿನ ಮಾತು ಬಂತು. ಗ್ರೊಮೆಟ್ ಇದ್ದರೆ ನೀರಿಗೇ ಇಳಿಯಬಾರದು ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಆದರೆ ಅಮೆರಿಕದ ಇಎನ್‌ಟಿ ತಜ್ಞರ ಸಂಘದ 2022ರ ಮಾರ್ಗಸೂಚಿ ಎಲ್ಲ ಮಕ್ಕಳಿಗೂ ಇಯರ್ ಪ್ಲಗ್, ಈಜು ನಿಷೇಧ ಬೇಕಿಲ್ಲ ಎನ್ನುತ್ತದೆ. ಕ್ಲೋರಿನ್ ಹಾಕಿದ ಪೂಲಿನಲ್ಲಿ ಮೇಲೆ ಮೇಲೆ ಈಜಲು ನಮ್ಮ ಡಾಕ್ಟರ್ ಒಪ್ಪಿದರು. ಆಳಕ್ಕೆ ಮುಳುಗುವುದು, ಡೈವ್ ಹೊಡೆಯುವುದು ಬೇಡ, ಅಲ್ಲಿ ನೀರಿನ ಒತ್ತಡ ಜಾಸ್ತಿ. ಕೆರೆ, ಹೊಳೆಯ ನೀರಿನಲ್ಲಿ ಕೊಳೆ ಹೆಚ್ಚು, ಅಲ್ಲಿಗೆ ಪ್ಲಗ್ ಹಾಕಬೇಕು. ಪದೇ ಪದೇ ಕಿವಿ ಸೋರುವ ಮಗುವಿಗೆ ಪೂಲಿಗೂ ಪ್ಲಗ್ ಹೇಳುತ್ತಾರೆ. ಮಗಳು ಪ್ಲಗ್ ಇಲ್ಲದೆಯೇ ಈಜು ಕಲಿತಳು. ನಳಿಗೆ ಸಾಮಾನ್ಯವಾಗಿ 6ರಿಂದ 18 ತಿಂಗಳೊಳಗೆ ತಾನಾಗಿಯೇ ಕಳಚಿ ಬರುತ್ತದೆ. ಅಲ್ಲಿಯವರೆಗೆ ಡಾಕ್ಟರ್ ಹೇಳಿದ ದಿನಕ್ಕೆ ತಪ್ಪದೆ ತೋರಿಸಿಕೊಂಡು ಬರುತ್ತಿದ್ದೇವೆ.