ಮಾವನ ಹೂವಿನಂಗಡಿಯ ಒಂಬತ್ತು ದಿನ: ಸ್ಟ್ಯಾಟಿಸ್ಟಿಕ್ಸ್ ಅಸೈನ್‌ಮೆಂಟ್ ಎಲ್ಲಿಗೆ ಬಂತು

ಬುಧವಾರ
ಚಿಕ್ಕಬಳ್ಳಾಪುರದಲ್ಲಿ ಮಾವನದು ಹೂವಿನಂಗಡಿ. ಬಿ.ಕಾಂ. ಅಸೈನ್‌ಮೆಂಟಿಗೆ ಅವರ ಪಾಕೆಟ್ ಪುಸ್ತಕವನ್ನೇ ತಂದುಕೊಂಡೆ. ಒಂಬತ್ತು ದಿನದ ವ್ಯಾಪಾರ, ಸಾವಿರ ರೂಪಾಯಿ ಲೆಕ್ಕದಲ್ಲಿ: 4, 5, 6, 5, 4, 6, 4, 5, 24. ಕೊನೆಯದು ನೋಡಿ 2.4 ಇರಬೇಕೇನೋ, ಚುಕ್ಕೆ ಬಿಟ್ಟಿದ್ದಾರೆ ಅಂದುಕೊಂಡೆ. ಕೇಳಿದರೆ, ‘ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕಣಪ್ಪಾ, ಸೇವಂತಿಗೆ ಕೈಗೇ ಸಿಗ್ತಿರಲಿಲ್ಲ’ ಅಂದರು. ಅಲ್ಲಿಗೆ ಅದು ತಪ್ಪಲ್ಲ, ಅಳಿಸುವ ಹಾಗಿಲ್ಲ.

ಗುರುವಾರ
ಮೊತ್ತ 63, ಒಂಬತ್ತರಿಂದ ಭಾಗಿಸಿದರೆ ಸರಾಸರಿ 7. ಏರಿಕೆ ಕ್ರಮದಲ್ಲಿ ಜೋಡಿಸಿದರೆ ಐದನೆಯದು 5, ಅದೇ ಮಧ್ಯಾಂಕ. ‘ದಿನಕ್ಕೆ ಸರಾಸರಿ ಏಳು ಸಾವಿರ’ ಅಂತ ಮಾವನಿಗೆ ಹೇಳಿದೆ. ‘ಯಾವತ್ತಾಗಿತ್ತು ಏಳು ಸಾವಿರ?’ ಅಂತ ನಕ್ಕರು. ಪುಸ್ತಕ ತಿರುಗಿಸಿದೆ. ನಿಜ, ಒಂದು ದಿನವೂ ಆಗಿಲ್ಲ. ಎಂಟು ದಿನ ಏಳರ ಕೆಳಗೇ ಇದೆ.

ಶುಕ್ರವಾರ
ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಹೇಳುವ ಮಾನಕ ವಿಚಲನೆ ಎರಡು ಥರ ಬಂದು ತಲೆ ಕೆಟ್ಟಿತು: ಕೈಲೆಕ್ಕದಲ್ಲಿ 6.42, ಎಕ್ಸೆಲ್‌ನಲ್ಲಿ 6.06. ನಾನು ಹಾಕಿದ್ದು `STDEV.P`, ಅದು 9ರಿಂದ ಭಾಗಿಸುತ್ತದೆ. ನನ್ನ ಒಂಬತ್ತು ದಿನ ಇಡೀ ವರ್ಷದ ಒಂದು ತುಣುಕು ಅಷ್ಟೇ, ಹಾಗಾಗಿ 8ರಿಂದ ಭಾಗಿಸಬೇಕು:

```
=STDEV.S(B2:B10)
```

ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗ ಕೂಡಿದರೆ 330. ಅದರಲ್ಲಿ 289 ಹಬ್ಬದ ಮುನ್ನಾದಿನ ಒಂದರದ್ದೇ. ವರ್ಗ ಮಾಡುವಾಗ ದೂರದ ಸಂಖ್ಯೆ ಹೀಗೆ ಉಳಿದವನ್ನೆಲ್ಲ ನುಂಗಿಬಿಡುತ್ತದೆ. ಆ ದಿನ ಬಿಟ್ಟು ಮತ್ತೆ ಹಾಕಿದೆ: ಸರಾಸರಿ 4.88, ವಿಚಲನೆ 0.83. ಮಧ್ಯಾಂಕ ಮಾತ್ರ ಅದೇ 5, ಅಲುಗಲೇ ಇಲ್ಲ.

ಶನಿವಾರ
ವ್ಯಾಖ್ಯಾನ ಬರೆಯಲು ಕೂತೆ. ‘ವಿಚಲನೆ 6.42, ಆದ್ದರಿಂದ ವ್ಯಾಪಾರ ಅಸ್ಥಿರ’ ಅಂತ ಬರೆದು ಹೊಡೆದುಹಾಕಿದೆ. ಮಾವನ ವ್ಯಾಪಾರ ಅಸ್ಥಿರವೇನಲ್ಲ, ಎಂಟು ದಿನ 4ರಿಂದ 6ರೊಳಗೇ ಇದೆ. ಅಂಕಿಗಳು ಘಂಟೆಯಾಕಾರದಲ್ಲಿ ಹರಡಿದ್ದರೆ ಹೆಚ್ಚಿನವು ಸರಾಸರಿಯಿಂದ ಎರಡು ವಿಚಲನೆಯೊಳಗೇ ಇರುತ್ತವೆ ಅಂತ ನೋಟ್ಸಿನಲ್ಲಿದೆ. ಹಾಗೆ ಸರಾಸರಿಯಿಂದ ಎರಡು ವಿಚಲನೆ ಕೆಳಗೆ ಹೋದರೆ ಮೈನಸ್ 5.84 ಬರುತ್ತದೆ. ಮೈನಸ್ ವ್ಯಾಪಾರ ಯಾವ ಅಂಗಡಿಯಲ್ಲಿ? ಆ ಘಂಟೆಯಾಕಾರದ ಲೆಕ್ಕ ಈ ಅಂಕಿಗಳಿಗೆ ಹೊಂದುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಕೊನೆಗೆ ಬರೆದದ್ದು ಹೀಗೆ: ದಿನಾ ಬೆಳಗ್ಗೆ ಎಷ್ಟು ಹೂ ತರಬೇಕು ಅನ್ನುವುದಕ್ಕೆ ಮಧ್ಯಾಂಕ ನೋಡಬೇಕು. ಏಳು ಸಾವಿರದ ವ್ಯಾಪಾರ ನಂಬಿ ತಂದರೆ ಸಂಜೆಗೆ ಹೂ ಬಾಡಿ ತಿಪ್ಪೆ ಸೇರುತ್ತದೆ. ಆದರೆ ಬಾಡಿಗೆ ಕಟ್ಟಲು ಕೈಗೆ ಒಟ್ಟು ಎಷ್ಟು ಬಂತು ಅನ್ನುವಾಗ ಸರಾಸರಿಯೇ ಬೇಕು. ಏಳನ್ನು ಒಂಬತ್ತರಿಂದ ಗುಣಿಸಿದರೆ 63 ಸಿಗುತ್ತದೆ, ಮಧ್ಯಾಂಕದಿಂದ 45 ಅಷ್ಟೇ. ವಿಚಲನೆಯನ್ನು ಹಬ್ಬದ ವ್ಯಾಪಾರ ಸೇರಿಸಿ ಒಂದು ಸಲ, ಬಿಟ್ಟು ಒಂದು ಸಲ, ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೇನೆ.

ಇನ್ನು ಗೌರಿ ಹಬ್ಬದ ವಾರದ ಪುಟ ಬೇಕು. ಮಾವ ಆ ಪುಸ್ತಕ ಹುಡುಕುತ್ತಿದ್ದಾರೆ.