ಸುರಂಗದಲ್ಲಿ ವೇಗ ಹೆಚ್ಚಿದ್ದಕ್ಕೇ ತೀರ್ಪು ಕೊಟ್ಟಿದ್ದೆ

ಮೈಸೂರಿನ ಹೋಟೆಲೊಂದರ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ರಾತ್ರಿ ಎಂಟು ದಾಟಿದರೆ ಕೋಣೆಗಳ ಟಿವಿಯಲ್ಲಿ ನೆಟ್‌ಫ್ಲಿಕ್ಸ್ ಮಸುಕಾಗುತ್ತದೆ ಎಂಬ ದೂರು ಕೆಲವು ವಾರಗಳಿಂದ ಇತ್ತು. ನಮ್ಮದು 100 ಎಂಬಿಪಿಎಸ್ ಸಂಪರ್ಕ. ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ ಅಳೆದೆ: speedtest.net ನಲ್ಲಿ 94, fast.com ನಲ್ಲಿ 9.

ಈ ಎರಡೂ ಒಂದೇ ದಾರಿಯನ್ನು ಅಳೆಯುವುದಿಲ್ಲ. ಮೊದಲನೆಯದು ಸಾಮಾನ್ಯವಾಗಿ ಹತ್ತಿರದ ಸರ್ವರ್ ಆರಿಸುತ್ತದೆ. ಅದು ಬಹಳ ಸಲ ಇಂಟರ್ನೆಟ್ ಕಂಪನಿಯ ಅಂಗಳದೊಳಗೇ ಇರುತ್ತದೆ. ಎರಡನೆಯದು ನೆಟ್‌ಫ್ಲಿಕ್ಸ್ ಸರ್ವರ್‌ಗಳಿಂದಲೇ ದತ್ತಾಂಶ ತರಿಸಿಕೊಳ್ಳುತ್ತದೆ.

ಕಂಪನಿ ನೆಟ್‌ಫ್ಲಿಕ್ಸನ್ನೇ ಗುರುತಿಸಿ ನಿಧಾನ ಮಾಡುತ್ತಿದೆಯೇ ಎಂದು ನೋಡಲು, ಮುಂಬೈಯಲ್ಲಿ ಬಾಡಿಗೆಗೆ ಪಡೆದ ಸರ್ವರ್‌ಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ಹಾಕಿದೆ. ಆಗ ಸಂಚಾರವೆಲ್ಲ ಗೂಢಲಿಪಿಯಾಗಿ ಆ ಸರ್ವರ್ ಮೂಲಕವೇ ಹೋಗಬೇಕು. ಮೊದಲ ಸಲ ಏನೂ ಬದಲಾಗಲಿಲ್ಲ. ಇಂಟರ್ನೆಟ್ ವಿಳಾಸಗಳಲ್ಲಿ ಹಳೆಯ ಐಪಿವಿ4, ಹೊಸ ಐಪಿವಿ6 ಎಂದು ಎರಡು ಬಗೆ. ಸಂರಚನೆಯಲ್ಲಿ ಐಪಿವಿ4 ಮಾತ್ರ ಬರೆದಿದ್ದರಿಂದ ಐಪಿವಿ6 ಸಂಚಾರ ಸುರಂಗದ ಹೊರಗೇ ಹೋಗುತ್ತಿತ್ತು. ಸಾಲನ್ನು ಹೀಗೆ ತಿದ್ದಿದೆ:

```
AllowedIPs = 0.0.0.0/0, ::/0
```

fast.com 78 ತೋರಿಸಿತು. ಕಂಪನಿ ಬೇಕೆಂದೇ ತಡೆಯುತ್ತಿದೆ ಎಂದು ಆ ರಾತ್ರಿಯೇ ಖಾರವಾಗಿ ದೂರು ಬರೆದೆ. ಭಾರತದಲ್ಲಿ 2018ರಿಂದ ಇಂಥ ತಾರತಮ್ಯಕ್ಕೆ ನಿಷೇಧವಿದೆ ಎಂಬುದನ್ನೂ ಸೇರಿಸಿದೆ.

ಮರುದಿನ ಅವರ ಎಂಜಿನಿಯರ್ ಕೇಳಿದ್ದು ಒಂದೇ ಪ್ರಶ್ನೆ: "ಬೆಳಗಿನ ಜಾವ ಅಳೆದು ನೋಡಿದ್ದೀರಾ ಸರ್?" ಅಳೆದಿರಲಿಲ್ಲ. ಆರು ಗಂಟೆಗೆ ಸುರಂಗವಿಲ್ಲದೆಯೇ 91 ಬಂತು.

ಸುರಂಗ ಒಟ್ಟಿಗೆ ಎರಡು ಕೆಲಸ ಮಾಡುತ್ತದೆ. ಸಂಚಾರ ಯಾವ ಸೇವೆಯದೆಂಬುದನ್ನು ಕಂಪನಿಯ ಕಣ್ಣಿಂದ ಮರೆಮಾಡುತ್ತದೆ. ಜೊತೆಗೆ ದಾರಿಯನ್ನೂ ಬದಲಿಸುತ್ತದೆ. ನಾನು ಮುಂಬೈಯಿಂದ ಬಂದವನಂತೆ ಕಂಡಾಗ ನೆಟ್‌ಫ್ಲಿಕ್ಸ್ ಬೇರೆ ಸರ್ವರನ್ನೇ ಕೊಟ್ಟಿತ್ತು, fast.com ನ ಹೆಚ್ಚಿನ ವಿವರದಲ್ಲಿ ಸರ್ವರ್ ಇರುವ ಊರು ಕಾಣುತ್ತದೆ. ವೇಗ ಹೆಚ್ಚಿದ್ದು ಮರೆಮಾಚಿದ್ದಕ್ಕೋ ದಾರಿ ಬದಲಾದದ್ದಕ್ಕೋ ಎಂದು ಆ 78 ಒಂದರಿಂದ ಹೇಳಲಾಗದು. 2014ರಲ್ಲಿ ಅಮೆರಿಕದಲ್ಲಿಯೂ ವಿಪಿಎನ್ ಹಾಕಿದರೆ ನೆಟ್‌ಫ್ಲಿಕ್ಸ್ ವೇಗವಾಗುವುದನ್ನು ಗ್ರಾಹಕರು ಕಂಡಿದ್ದರು. ಆಗ ಜಾಲಗಳು ಒಂದನ್ನೊಂದು ಕೂಡುವ ಕೊಂಡಿಗಳೇ ತುಂಬಿಹೋಗಿದ್ದವು.

ಬೆಳಗಿನ ಅಳತೆಯೊಂದರಿಂದಲೂ ಕಂಪನಿ ಪಾರಾಗುವುದಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಮಾತ್ರ ತಡೆಯಬಹುದಲ್ಲ? ಆದ್ದರಿಂದ ರಾತ್ರಿ ಎಂಟೂವರೆಗೆ, ಇಂಥ ತಡೆಯನ್ನು ಪತ್ತೆಹಚ್ಚುವ Wehe ಆ್ಯಪ್ ಓಡಿಸಿದೆ. ಅದು ಒಂದೇ ಸರ್ವರಿನಿಂದ ಎರಡು ಸಲ ಕಳುಹಿಸುತ್ತದೆ: ಒಮ್ಮೆ ಸೇವೆಯ ನಿಜವಾದ ಸಂಚಾರದ ಪಡಿಯಚ್ಚು, ಇನ್ನೊಮ್ಮೆ ಗುರುತು ಸಿಗದಂತೆ ಕಲಸಿದ್ದು. ದಾರಿ ಒಂದೇ ಆದ್ದರಿಂದ, ಮತ್ತೆ ಮತ್ತೆ ಅಳೆದಾಗಲೂ ವ್ಯತ್ಯಾಸ ಉಳಿದರೆ ಗುರುತು ಹಿಡಿದು ತಡೆಯುತ್ತಿದ್ದಾರೆಂದು ಅರ್ಥ. ಮೂರು ರಾತ್ರಿ ನೋಡಿದೆ, ವ್ಯತ್ಯಾಸ ಬರಲಿಲ್ಲ. ಅದೇ ಹೊತ್ತಿಗೆ ನಿಧಾನವಾಗಿದ್ದ ನೆಟ್‌ಫ್ಲಿಕ್ಸ್ ಸರ್ವರಿನತ್ತ, ದಾರಿಯ ಒಂದೊಂದು ಹಂತದ ವಿಳಂಬ ತೋರಿಸುವ mtr ಹಾಕಿದಾಗ, ಕಂಪನಿಯ ಜಾಲ ದಾಟುವಲ್ಲಿಂದ ಕೊನೆಯವರೆಗೂ ವಿಳಂಬ 20 ಮಿಲಿಸೆಕೆಂಡಿನಿಂದ 110ಕ್ಕೆ ಏರಿ, ಪ್ಯಾಕೆಟ್‌ಗಳು ಕಳೆದುಹೋಗುತ್ತಿದ್ದವು.

ಮೊದಲ ದೂರನ್ನು ಹಿಂಪಡೆದು, ಗಂಟೆಗಂಟೆಯ ಅಳತೆ, ಸರ್ವರ್ ವಿಳಾಸ, mtr ಫಲಿತಾಂಶ ಲಗತ್ತಿಸಿ ಹೊಸದನ್ನು ಕಳುಹಿಸಿದೆ. ಎರಡು ವಾರದಲ್ಲಿ ಅವರು ದಾರಿ ಬದಲಿಸಿದರು. ಈಗ ರಾತ್ರಿ ಒಂಬತ್ತಕ್ಕೂ fast.com 80ಕ್ಕಿಂತ ಕೆಳಗಿಳಿಯುವುದಿಲ್ಲ.