ಫ್ಯಾನ್ ಕೆಳಗೆ ಊದುತ್ತೆ, ಹೊಗೆ ಮೇಲಕ್ಕೆ ಹೋಗುತ್ತೆ

ನಮ್ಮಲ್ಲಿ ಥರ್ಮಲ್ ರಿವ್ಯೂಗೆ ಒಂದು ಎಕ್ಸೆಲ್ ಶೀಟ್ ಇದೆ, ಅದ್ರಲ್ಲಿ V ಅನ್ನೋ ಸೆಲ್ ಲಾಕ್ ಮಾಡಿಟ್ಟಿದ್ದಾರೆ, 2 ಮೀ/ಸೆ. ಫ್ಯಾನ್ ಫುಲ್ ಸ್ಪೀಡ್‌ನಲ್ಲಿ ಓಡಿದಾಗ ಬೋರ್ಡ್ ಮೇಲೆ ಸಿಗೋ ಗಾಳಿ ಅದು. ಕ್ಯಾಬಿನೆಟ್ ಒಳಗೆ 30 ಸೆಂ.ಮೀ ಎತ್ತರದ ಬೋರ್ಡ್ ನೆಟ್ಟಗೆ ನಿಂತಿದೆ, ಗಾಳಿಗಿಂತ 40 ಡಿಗ್ರಿ ಬಿಸಿ ಅಂತ ಲೆಕ್ಕ. ಧೂಳು ಕಮ್ಮಿ ಬರ್ಲಿ ಅಂತ ಕಸ್ಟಮರ್ ಹೇಳಿ ಫ್ಯಾನ್‌ನ ಮೇಲಿಟ್ಟು ಕೆಳಗೆ ಊದೋ ಹಾಗೆ ಮಾಡಿದ್ರು.

ಬಿಸಿ ಗಾಳಿ ಮೇಲೇಳೋ ಬಲ ಫ್ಯಾನ್ ಗಾಳಿ ಮುಂದೆ ಎಷ್ಟು ಅಂತ ಹೇಳೋ ರಿಚರ್ಡ್‌ಸನ್ ನಂಬರ್, Ri = gβΔT·L/V² ಹಾಕಿದ್ರೆ ಮೇಲಿನ ಭಾಗ ಸುಮಾರು 0.37, ಕೆಳಗೆ 4, ಉತ್ತರ 0.09. 0.1ಕ್ಕಿಂತ ಕಮ್ಮಿ, ತೇಲುವ ಬಲ ಬಿಡಿ ಅಂತ ಎಲ್ರೂ ತಲೆ ಆಡ್ಸಿದ್ವಿ, ಸಿಮ್ಯುಲೇಶನ್‌ನಲ್ಲಿ ಗ್ರಾವಿಟಿ ಆಫ್.

ಚೇಂಬರ್ ಟೆಸ್ಟ್ ದಿನ 25 ಡಿಗ್ರಿಗೆ ಇಳಿಸಿದ ತಕ್ಷಣ ಎಡವಟ್ಟು ಶುರು. ಫ್ಯಾನ್ ಕಂಟ್ರೋಲ್ ನೋಡೋದು ಒಳಗೆ ಬರೋ ಗಾಳಿಯ ಟೆಂಪರೇಚರ್ ಮಾತ್ರ, ಲೋಡ್ ಎಷ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ, ಸೋ ಫುಲ್ ಲೋಡ್ ಇದ್ರೂ ಗಾಳಿ 0.5 ಮೀ/ಸೆಗೆ ಬಂತು. ಗಾಳಿ ಮೇಲಿಂದ ಬರೋದ್ರಿಂದ ಬೋರ್ಡ್‌ನ ಕೆಳಗಿನ ತುದಿ ಹೆಚ್ಚು ಬಿಸಿ ಆಗ್ಬೇಕಿತ್ತು, ಆದ್ರೆ ಮೇಲಿನ ಥರ್ಮೋಕಪಲ್ ಏರ್ತಾ ಇತ್ತು, ರೀಡಿಂಗ್ ಒಂದ್ಕಡೆ ನಿಲ್ತಾನೂ ಇರ್ಲಿಲ್ಲ. ಚಾನೆಲ್ ಅದಲು ಬದಲಾಗಿದೆ ಅಂತ ನಾನು ವೈರ್ ಕಿತ್ತು ಕಿತ್ತು ನೋಡ್ತಾ ಕೂತಿದ್ದೆ, ಹಿಂದೆ ಕಸ್ಟಮರ್ ಕಡೆಯವ್ರು ಸುಮ್ನೆ ನಿಂತು ನೋಡ್ತಿದ್ರು. ಆಮೇಲೆ ನಮ್ಮ ಲ್ಯಾಬ್ ಟೆಕ್ನಿಷಿಯನ್, "ಸಾರ್, ಒಂದ್ ಊದ್ಬತ್ತಿ ಹಚ್ಚಿ ನೋಡೋಣ್ವಾ" ಅಂದ್ರು. ಯೂನಿಟ್ ಚೇಂಬರಿಂದ ಈಚೆ ತೆಗೆದು, ಅಕ್ರಿಲಿಕ್ ಬಾಗಿಲು ಹಾಕಿ, ಅದರ ತೂತಿಂದ ಊದ್ಬತ್ತಿ ತೂರಿಸಿದ್ವಿ: ಬಾಗಿಲ ಕಡೆ ಹೊಗೆ ಕೆಳಗೆ ಇಳೀತಿದೆ, ಬೋರ್ಡಿಗೆ ಅಂಟಿಕೊಂಡಂಗೆ ಇರೋ ತೆಳು ಪದರದಲ್ಲಿ ಮೇಲಕ್ಕೆ ಹೋಗಿ, ಎದುರು ಗಾಳಿಗೆ ಸಿಕ್ಕಿ ಅಲ್ಲೇ ಸುತ್ತಾಡ್ತಿದೆ.

ಸ್ಪೀಡ್ ಕಾಲು ಭಾಗ ಆದ್ರೆ Ri 16 ಪಟ್ಟು. 0.09 ಇದ್ದಿದ್ದು 1.5 ಆಗಿತ್ತು. ಶಾಖ ಗಾಳಿಗೆ ಎಷ್ಟು ಚೆನ್ನಾಗಿ ಹೋಗುತ್ತೆ ಅಂತ ಹೇಳೋ ನಸೆಲ್ಟ್ ನಂಬರ್‌ನ ಫ್ಯಾನ್ ಗಾಳಿಗೂ ತಾನಾಗೇ ಮೇಲೇಳೋ ಗಾಳಿಗೂ ಬೇರೆ ಬೇರೆ ತೆಗೆದ್ರೆ ಫೋರ್ಸ್ಡ್ ಸುಮಾರು 54, ನ್ಯಾಚುರಲ್ಲೂ ಸುಮಾರು 54! ಎರಡೂ ಒಂದೇ ದಿಕ್ಕಾದ್ರೆ ಘನಗಳನ್ನ ಕೂಡಿ ಘನಮೂಲ ತಗೊಂಡ್ರೆ 68 ಬರುತ್ತೆ, ಲಾಭಾನೇ. ಎದುರು ದಿಕ್ಕಾದ್ರೆ ಕಳೀಬೇಕು, ಆಗ ಉತ್ತರ ಸೊನ್ನೆ. ನಿಜಕ್ಕೂ ಶಾಖ ಹೋಗೋದು ನಿಲ್ಲಲ್ಲ ಬಿಡಿ, ಹರಿವು ಹಿಂದೆ ತಿರುಗೋ ಜಾಗದಲ್ಲಿ ಆ ಫಾರ್ಮುಲಾ ಕೆಲಸಕ್ಕೆ ಬರಲ್ಲ ಅಷ್ಟೇ. ಹಾಗಾಗಿ Ri ಹಾಕೋದಾದ್ರೆ ಕನಿಷ್ಠ ಸ್ಪೀಡಿಗೆ ಹಾಕಿ, ಗಾಳಿ ಯಾವ ಕಡೆ ಅಂತ ಪಕ್ಕದಲ್ಲೇ ಬರೀರಿ.

ಫ್ಯಾನ್ ತಿರುಗಿಸಿ ಹಾಕೋಣ ಅಂದೆ. ಶೀಟ್ ಮೆಟಲ್ ಡ್ರಾಯಿಂಗ್ ರಿಲೀಸ್ ಆಗಿದೆ, ಆಗಲ್ಲ ಅಂದ್ರು ಮ್ಯಾನೇಜರ್ರು. ಕೊನೆಗೆ ಕನಿಷ್ಠ ಗಾಳಿ 1.2 ಮೀ/ಸೆಗೆ ಏರಿಸಿದ್ವಿ, Ri 0.26, ಪೂರ್ತಿ ಮರೆಯೋ ಹಾಗಿಲ್ಲ, ಆದ್ರೆ ರೀಡಿಂಗ್ ನಿಂತ್ಕೊಳ್ತು, ಹಾಟ್‌ಸ್ಪಾಟ್ ಕೆಳಗಿನ ತುದಿಗೆ ವಾಪಸ್ ಬಂತು. ಈಗ ರಾತ್ರಿ ಹೊತ್ತು ಫ್ಯಾನ್ ಸದ್ದು ಜಾಸ್ತಿ ಅಂತ ಕಂಪ್ಲೇಂಟ್ ಬಂದಿದೆ, ಅದಕ್ಕೂ ಥರ್ಮಲ್ ಟೀಮೇ ಉತ್ತರ ಕೊಡ್ಬೇಕಂತೆ.